z³ − 1 ರ ನ್ಯೂಟನ್ ಚಿತ್ರದಲ್ಲಿ ಕಪ್ಪು ಕಲೆ ಕಂಡರೆ: ದೋಷ ಹುಡುಕುವ ಕ್ರಮ

z³ − 1 = 0 ಎಂಬ ಸಮೀಕರಣಕ್ಕೆ ನ್ಯೂಟನ್ ವಿಧಾನವನ್ನು ಅನ್ವಯಿಸಿ, ಸಂಕೀರ್ಣ ಸಮತಲದ ಪ್ರತಿಯೊಂದು ಬಿಂದುವಿನಿಂದ ಹೊರಟರೆ ಮೂರು ಮೂಲಗಳಲ್ಲಿ ಯಾವುದಕ್ಕೆ ತಲುಪುತ್ತೇವೆ ಎಂಬುದನ್ನು ಮೂರು ಬಣ್ಣಗಳಲ್ಲಿ ತೋರಿಸುವ ಚಿತ್ರವನ್ನು ಪ್ರೋಗ್ರಾಮಿಂಗ್ ಕಲಿಯುವವರಲ್ಲಿ ಹಲವರು ಒಮ್ಮೆಯಾದರೂ ಬರೆದಿರುತ್ತಾರೆ. ಯಾವ ಮೂಲಕ್ಕೂ ತಲುಪದ ಬಿಂದುಗಳಿಗೆ ಕಪ್ಪು ಬಣ್ಣ ಕೊಡುವುದು ವಾಡಿಕೆ. ಚಿತ್ರ ಮೂಡಿದಾಗ ಅದರಲ್ಲಿ ಅಲ್ಲಲ್ಲಿ ಕಪ್ಪು ಕಲೆಗಳು ಇದ್ದರೆ, ಅವು ಫ್ರ್ಯಾಕ್ಟಲ್‌ನ ಸಹಜ ಭಾಗವೇ ಇರಬೇಕೆಂದು ಭಾವಿಸಿ ಮುಂದೆ ಹೋಗುವವರು ಬಹಳ ಮಂದಿ. ಹಾಗೆ ಭಾವಿಸುವುದು ತಪ್ಪು. ಈ ಒಂದು ಬಹುಪದಕ್ಕೆ ಸಂಬಂಧಿಸಿದಂತೆ, ವಿಸ್ತೀರ್ಣವುಳ್ಳ ಕಪ್ಪು ಕಲೆ ಗಣಿತದಿಂದ ಬರಲು ಸಾಧ್ಯವೇ ಇಲ್ಲ. ಅದು ಎಲ್ಲಿ ಕಂಡರೂ ಪ್ರೋಗ್ರಾಮಿನ ದೋಷವೇ. ಆ ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದನ್ನು ಗಮನಿಸಿದರೆ ದೋಷದ ಕಾರಣವನ್ನೂ ಬಹುಮಟ್ಟಿಗೆ ಅದರಿಂದಲೇ ಗುರುತಿಸಬಹುದು.

ಸರಿಯಾದ ಚಿತ್ರ ಹೇಗಿರಬೇಕು

ನ್ಯೂಟನ್ ವಿಧಾನದ ಒಂದು ಹೆಜ್ಜೆ z − (z³ − 1)/(3z²). ಇದನ್ನು ಸರಳಗೊಳಿಸಿದರೆ (2/3)z + 1/(3z²) ಎಂದಾಗುತ್ತದೆ. ಈ ಎರಡನೆಯ ರೂಪವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಡೀ ಚಿತ್ರದ ವರ್ತನೆ ಅದರಲ್ಲೇ ಕಾಣುತ್ತದೆ: z ದೊಡ್ಡದಿದ್ದಾಗ ಎರಡನೆಯ ಪದ ನಗಣ್ಯವಾಗಿ, ಪ್ರತಿ ಹೆಜ್ಜೆಗೂ ಸಂಖ್ಯೆ ಮೂರನೇ ಎರಡು ಭಾಗಕ್ಕೆ ಇಳಿಯುತ್ತ ಬರುತ್ತದೆ, z ಸೊನ್ನೆಗೆ ಹತ್ತಿರವಿದ್ದಾಗ ಎರಡನೆಯ ಪದವೇ ಹಿಗ್ಗಿ, ಮುಂದಿನ ಬಿಂದು ಬಹುದೂರಕ್ಕೆ ಎಸೆಯಲ್ಪಡುತ್ತದೆ.

ಮೂರು ಮೂಲಗಳೆಂದರೆ 1 ಮತ್ತು −1/2 ± (√3/2)i. ಇವು ಏಕಮಾನ ವೃತ್ತದ ಮೇಲೆ 120 ಡಿಗ್ರಿ ಅಂತರದಲ್ಲಿ ಕುಳಿತಿವೆ. ಹೀಗಾಗಿ ಚಿತ್ರವನ್ನು 120 ಡಿಗ್ರಿ ತಿರುಗಿಸಿದರೆ ಬಣ್ಣಗಳು ಒಂದರ ಜಾಗಕ್ಕೆ ಒಂದು ಸರಿಯುತ್ತವೆಯೇ ಹೊರತು ಆಕಾರ ಬದಲಾಗುವುದಿಲ್ಲ. ವಾಸ್ತವ ಅಕ್ಷದ ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಕನ್ನಡಿಯ ಪ್ರತಿಬಿಂಬಗಳಾಗಿರುತ್ತವೆ. ಸೊನ್ನೆಯಿಂದ ಮೂರು ದಿಕ್ಕುಗಳಿಗೆ, ಅಂದರೆ ಋಣ ವಾಸ್ತವ ಅಕ್ಷದ ಉದ್ದಕ್ಕೂ, ಅದರಿಂದ 120 ಡಿಗ್ರಿ ತಿರುಗಿದ ಇನ್ನೆರಡು ಕಿರಣಗಳ ಉದ್ದಕ್ಕೂ, ಮಣಿಸರದಂತೆ ಪೋಣಿಸಿದ ಉಬ್ಬುಗಳು ಹೊರಡುತ್ತವೆ. ಋಣ ವಾಸ್ತವ ಅಕ್ಷದ ಮೇಲಿನ ಮಣಿಗಳ ಬಣ್ಣ ಮೂಲ 1ರ ಬಣ್ಣವೇ ಆಗಿರಬೇಕು. ವಾಸ್ತವ ಸಂಖ್ಯೆಯಿಂದ ಹೊರಟರೆ ಮುಂದಿನ ಸಂಖ್ಯೆಗಳೆಲ್ಲ ವಾಸ್ತವವಾಗಿಯೇ ಉಳಿಯುತ್ತವೆ, ಮತ್ತು ವಾಸ್ತವ ಮೂಲ ಇರುವುದು ಒಂದೇ. ಮಣಿಗಳು ಒಂದಕ್ಕೊಂದು ಸೇರುವ ಬಿಂದುಗಳು 0, ಸುಮಾರು −0.794, ಸುಮಾರು −1.434, ಹೀಗೆ ಎಡಕ್ಕೆ ಸಾಗುತ್ತವೆ. ಈ ಬಿಂದುಗಳಿಂದ ಹೊರಟರೆ ಒಂದಲ್ಲ ಒಂದು ಹೆಜ್ಜೆಯಲ್ಲಿ ಸರಿಯಾಗಿ ಸೊನ್ನೆಯನ್ನೇ ತಲುಪಿ, ಅಲ್ಲಿಂದ ಮುಂದೆ ಭಾಗಾಕಾರ ಅಸಾಧ್ಯವಾಗುತ್ತದೆ.

ಗಡಿಯ ಬಗ್ಗೆ ಒಂದು ಮಾತು. ಮೂರು ಆಕರ್ಷಣ ವಲಯಗಳಿಗೂ ಗಡಿ ಒಂದೇ. ಗಡಿಯ ಯಾವುದೇ ಬಿಂದುವಿನ ಸುತ್ತ ಎಷ್ಟೇ ಚಿಕ್ಕ ವೃತ್ತ ಎಳೆದರೂ ಅದರೊಳಗೆ ಮೂರೂ ಬಣ್ಣಗಳು ಸಿಗುತ್ತವೆ. ಎರಡೇ ಬಣ್ಣಗಳು ನುಣುಪಾದ ಗೆರೆಯಲ್ಲಿ ಸೇರುವ ಜಾಗ ಈ ಚಿತ್ರದಲ್ಲಿ ಎಲ್ಲೂ ಇರಲಾರದು. 1879ರಲ್ಲಿ ಆರ್ಥರ್ ಕೇಲಿ ಈ ಪ್ರಶ್ನೆಯನ್ನು ಎತ್ತಿದಾಗ, ವರ್ಗ ಸಮೀಕರಣಕ್ಕೆ ಎರಡು ಮೂಲಗಳ ನಡುವಿನ ಲಂಬ ದ್ವಿಭಾಜಕವೇ ಗಡಿಯೆಂದು ಸುಲಭವಾಗಿ ತೋರಿಸಿದರೂ ಘನ ಸಮೀಕರಣದ ಬಳಿ ಅವರು ನಿಲ್ಲಬೇಕಾಗಿ ಬಂದದ್ದು ಈ ಗಡಿಯ ಜಟಿಲತೆಯಿಂದಲೇ.

ಕಪ್ಪು ಏಕೆ ಸಾಧ್ಯವಿಲ್ಲ

ನ್ಯೂಟನ್ ವಿಧಾನ ಮೂಲಕ್ಕೆ ತಲುಪದೆ, ಎರಡು ಮೂರು ಬಿಂದುಗಳ ನಡುವೆ ಸುತ್ತುತ್ತಲೇ ಇರುವ ಪ್ರಸಂಗಗಳು ಬೇರೆ ಬಹುಪದಗಳಲ್ಲಿ ಇವೆ. z³ − 2z + 2 ತೆಗೆದುಕೊಂಡು 0ಯಿಂದ ಹೊರಟರೆ ಮೊದಲ ಹೆಜ್ಜೆ 1ಕ್ಕೆ, ಎರಡನೆಯ ಹೆಜ್ಜೆ ಮರಳಿ 0ಗೆ. ಅಲ್ಲಿ ಸುತ್ತಲಿನ ಬಿಂದುಗಳೂ ಈ ಸುತ್ತಿನೊಳಕ್ಕೆ ಸೆಳೆಯಲ್ಪಡುವುದರಿಂದ ನಿಜವಾದ ಕಪ್ಪು ಪ್ರದೇಶಗಳು ಮೂಡುತ್ತವೆ. ಆ ಚಿತ್ರವನ್ನು ನೋಡಿದವರು ಇಲ್ಲಿಯೂ ಹಾಗೇ ಇರಬಹುದೆಂದು ಊಹಿಸುವುದು ಸಹಜ.

ಇಲ್ಲಿ ಹಾಗಾಗದು ಎನ್ನುವುದಕ್ಕೆ ಕಾರಣ ಪಿಯೆರ್ ಫಾಟೂ ಅವರ ಒಂದು ಪ್ರಮೇಯ: ಸುತ್ತಲಿನವನ್ನು ಸೆಳೆದುಕೊಳ್ಳುವ ಪ್ರತಿಯೊಂದು ಚಕ್ರವೂ ಕನಿಷ್ಠ ಒಂದು ಕ್ರಿಟಿಕಲ್ ಬಿಂದುವನ್ನು, ಅಂದರೆ ಹೆಜ್ಜೆಯ ಡೆರಿವೇಟಿವ್ ಸೊನ್ನೆಯಾಗುವ ಬಿಂದುವನ್ನು, ತನ್ನತ್ತ ಎಳೆದುಕೊಳ್ಳಲೇಬೇಕು. ನಮ್ಮ ಹೆಜ್ಜೆಯ ಡೆರಿವೇಟಿವ್ 2(z³ − 1)/(3z³). ಇದು ಸೊನ್ನೆಯಾಗುವುದು ಮೂರು ಮೂಲಗಳಲ್ಲಿ ಮಾತ್ರ. ಇವುಗಳ ಜೊತೆಗೆ, ಅನಂತವನ್ನೂ ಒಂದು ಬಿಂದುವೆಂದು ಸೇರಿಸಿಕೊಂಡರೆ, z = 0 ನಾಲ್ಕನೆಯ ಕ್ರಿಟಿಕಲ್ ಬಿಂದುವಾಗುತ್ತದೆ. ಮೂರು ಮೂಲಗಳು ಇದ್ದಲ್ಲೇ ಇರುತ್ತವೆ. ನಾಲ್ಕನೆಯದಾದ ಸೊನ್ನೆ ಒಂದೇ ಹೆಜ್ಜೆಯಲ್ಲಿ ಅನಂತಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆದರೆ ಅನಂತವು ಸೆಳೆಯುವ ಬಿಂದುವಲ್ಲ, ತಳ್ಳುವ ಬಿಂದು, ಏಕೆಂದರೆ ದೊಡ್ಡ ಸಂಖ್ಯೆಗಳೆಲ್ಲ ಪ್ರತಿ ಹೆಜ್ಜೆಗೂ ಕುಗ್ಗುತ್ತ ಒಳಕ್ಕೆ ಬರುತ್ತವೆ. ಹಾಗಾಗಿ ಇನ್ನೊಂದು ಸೆಳೆಯುವ ಚಕ್ರಕ್ಕೆ ಕೊಡಲು ಕ್ರಿಟಿಕಲ್ ಬಿಂದುವೇ ಉಳಿದಿಲ್ಲ. ಗಡಿ ಇದ್ದೇ ಇದೆ, ಆದರೆ ಅದರ ವಿಸ್ತೀರ್ಣ ಸೊನ್ನೆ. ಪಿಕ್ಸೆಲ್ ಒಂದರ ಮಧ್ಯಬಿಂದು ನಿಖರವಾಗಿ ಗಡಿಯ ಮೇಲೆ ಬೀಳುವುದು ಸೊನ್ನೆಯಂಥ ಕೆಲವೇ ವಿಶೇಷ ಬಿಂದುಗಳಲ್ಲಿ.

ಮೊದಲ ಪರೀಕ್ಷೆ: ಹೆಜ್ಜೆಗಳ ಮಿತಿ

ಅತಿ ಸಾಮಾನ್ಯ ಕಾರಣವೆಂದರೆ ಹೆಜ್ಜೆಗಳ ಮಿತಿಯನ್ನು 15 ಅಥವಾ 20ಕ್ಕೆ ಇಟ್ಟಿರುವುದು. ನ್ಯೂಟನ್ ವಿಧಾನ ಬಹಳ ವೇಗದ್ದು, ನಾಲ್ಕೈದು ಹೆಜ್ಜೆ ಸಾಕು ಎಂಬ ತಿಳಿವಳಿಕೆ ಮೂಲದ ಹತ್ತಿರ ಮಾತ್ರ ನಿಜ. ಮಣಿಗಳ ಸೇರುವೆಯ ಬಳಿ ಏನಾಗುತ್ತದೆ ಎಂಬುದನ್ನು z = −0.8 ರಿಂದ ಹೊರಟು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ.

ಅಂಶದಲ್ಲಿ 2 × (−0.512) + 1 = −0.024, ಛೇದದಲ್ಲಿ 3 × 0.64 = 1.92. ಆದ್ದರಿಂದ ಮೊದಲ ಹೆಜ್ಜೆಗೆ −0.0125. ಇದು ಸೊನ್ನೆಗೆ ಬಹಳ ಹತ್ತಿರವಿರುವುದರಿಂದ ಎರಡನೆಯ ಹೆಜ್ಜೆ ನಮ್ಮನ್ನು 2133.325ಕ್ಕೆ ಎಸೆಯುತ್ತದೆ. ಅಲ್ಲಿಂದ ಇಳಿಯುವ ದಾರಿ ದೀರ್ಘವಾದದ್ದು: 1422.2, 948.1, 632.1, ಹೀಗೆ ಪ್ರತಿ ಸಲ ಮೂರನೇ ಒಂದು ಭಾಗವಷ್ಟೇ ಕಡಿಮೆಯಾಗುತ್ತದೆ. ಹತ್ತನೆಯ ಹೆಜ್ಜೆಗೆ 83.24, ಹದಿನೈದನೆಯದಕ್ಕೆ 10.96, ಇಪ್ಪತ್ತನೆಯದಕ್ಕೆ 1.541. ಇಲ್ಲಿಂದ ಮುಂದೆ ಪ್ರಸಿದ್ಧವಾದ ವೇಗ ಬರುತ್ತದೆ: 1.168, 1.023, 1.0005, ಮತ್ತು ಇಪ್ಪತ್ನಾಲ್ಕನೆಯ ಹೆಜ್ಜೆಗೆ 1.00000026. ಮೂಲಕ್ಕೆ ಎಷ್ಟು ಹತ್ತಿರ ಬಂದರೆ ತಲುಪಿದಂತೆ ಎಂದು ಹೇಳುವ ಸಹನ ಮಿತಿ `1e-6` ಆಗಿದ್ದರೆ ಈ ಬಿಂದು 24 ಹೆಜ್ಜೆಗಳಲ್ಲಿ ಮೂಲ 1ಕ್ಕೆ ಸೇರಿದಂತೆ. ಹೆಜ್ಜೆಗಳ ಮಿತಿಯನ್ನು 20ಕ್ಕೆ ಇಟ್ಟವರ ಚಿತ್ರದಲ್ಲಿ ಇದೇ ಬಿಂದು ಕಪ್ಪಾಗಿರುತ್ತದೆ.

ಈ ದೋಷದ ಗುರುತು ಸ್ಪಷ್ಟ. ಕಪ್ಪು ಚುಕ್ಕೆಗಳು ಮಣಿಗಳ ಸೇರುವೆಗಳಲ್ಲೇ ಇರುತ್ತವೆ, ಸೊನ್ನೆಯ ಸುತ್ತಲಿನದು ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ, ಮತ್ತು ಮೂರು ದಿಕ್ಕಿನ ಸಮಮಿತಿ ಕೆಡುವುದಿಲ್ಲ. ಮಿತಿ 20 ಆದಾಗ ಸೊನ್ನೆಯ ಸುತ್ತ ಸುಮಾರು 0.023 ತ್ರಿಜ್ಯದ ಕಪ್ಪು ಚುಕ್ಕೆ ಬರುತ್ತದೆ. −2ರಿಂದ 2ರವರೆಗಿನ ಕಿಟಕಿಯನ್ನು 800 ಪಿಕ್ಸೆಲ್‌ಗಳಲ್ಲಿ ಬಿಡಿಸಿದ್ದರೆ ಅದರ ತ್ರಿಜ್ಯ ನಾಲ್ಕೈದು ಪಿಕ್ಸೆಲ್. ಇಷ್ಟು ಚಿಕ್ಕದಾಗಿರುವುದರಿಂದಲೇ ಇದು ಚಿತ್ರದ ಸೊಬಗಿನ ಭಾಗವೆಂದು ಕಣ್ತಪ್ಪಿಸಿಕೊಳ್ಳುತ್ತದೆ. ಕಣ್ಣಿನಿಂದ ನೋಡುವ ಬದಲು ಎಣಿಸುವುದೇ ಸರಿಯಾದ ಮಾರ್ಗ. ಕೆಳಗಿನ ತುಣುಕನ್ನು ಅಳತೆಗೋಲಾಗಿ ಬಳಸಬಹುದು.

```python
import numpy as np
n, lim, eps = 800, 100, 1e-6
x = np.linspace(-2, 2, n)
z = x[None, :] + 1j * x[::-1, None]
roots = np.exp(2j * np.pi * np.arange(3) / 3)
for _ in range(lim):
    z = (2 * z**3 + 1) / (3 * z**2)
d = np.abs(z[..., None] - roots)
idx = np.where(d.min(axis=-1) < eps, d.argmin(axis=-1), -1)
print(np.sum(idx == -1), np.sum(~np.isfinite(z)))
```

ಇದು ಎರಡು ಸಂಖ್ಯೆಗಳನ್ನು ಮುದ್ರಿಸುತ್ತದೆ: ಯಾವ ಮೂಲಕ್ಕೂ ಸೇರದ ಪಿಕ್ಸೆಲ್‌ಗಳೆಷ್ಟು, ಅವುಗಳಲ್ಲಿ ಸಂಖ್ಯೆಯೇ ಅಲ್ಲದ ಮೌಲ್ಯಕ್ಕೆ ಹೋದವೆಷ್ಟು. `lim` ಅನ್ನು 20, 40, 80 ಎಂದು ಏರಿಸುತ್ತ ಹೋದಂತೆ ಮೊದಲ ಸಂಖ್ಯೆ ಇಳಿಯುತ್ತ ಸೊನ್ನೆಯಾದರೆ ದೋಷ ಮಿತಿಯದ್ದೇ. ಬೇರೆ ಹುಡುಕುವ ಅಗತ್ಯವಿಲ್ಲ. ಮಿತಿಯನ್ನು ಎಷ್ಟೇ ಏರಿಸಿದರೂ ಸಂಖ್ಯೆ ಕದಲದಿದ್ದರೆ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು.

ಮೂರರಲ್ಲಿ ಎರಡು ಪಾಲು ಕಪ್ಪಾಗಿದ್ದರೆ

ಮೂಲ 1ರ ಬಣ್ಣ ಸರಿಯಾಗಿ, ಪೂರ್ಣ ವಿವರಗಳೊಂದಿಗೆ ಮೂಡಿ, ಉಳಿದೆರಡು ವಲಯಗಳು ಸಂಪೂರ್ಣ ಕಪ್ಪಾಗಿದ್ದರೆ ಪುನರಾವರ್ತನೆಯಲ್ಲಿ ತಪ್ಪಿಲ್ಲ. ಹೋಲಿಸಿ ನೋಡುವ ಜಾಗದಲ್ಲಿ ತಪ್ಪಿದೆ. ಮೂಲಗಳನ್ನು ಕೈಯಿಂದ ಟೈಪ್ ಮಾಡುವಾಗ `-0.5+0.866j` ಎಂದು ಬರೆದು, ಸಹನ ಮಿತಿಯನ್ನು `1e-6` ಎಂದು ಇಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. √3/2 ರ ಬೆಲೆ 0.8660254…, ಮೂರು ದಶಮಾಂಶಗಳಿಗೆ ನಿಲ್ಲಿಸಿದರೆ ನಿಜವಾದ ಮೂಲದಿಂದ 0.0000254 ರಷ್ಟು ದೂರ ಉಳಿಯುತ್ತದೆ. ಲೆಕ್ಕ ನಿಜವಾದ ಮೂಲಕ್ಕೆ ಕರಾರುವಾಕ್ಕಾಗಿ ಹೋಗಿ ನಿಲ್ಲುತ್ತದೆ, ಆದರೆ ಅಲ್ಲಿಂದ ಟೈಪ್ ಮಾಡಿದ ಮೂಲಕ್ಕಿರುವ ದೂರ ಸಹನ ಮಿತಿಗಿಂತ ಇಪ್ಪತ್ತೈದು ಪಟ್ಟು ಹೆಚ್ಚು. ಮೂಲ 1ಕ್ಕೆ ದಶಮಾಂಶಗಳೇ ಇಲ್ಲದ್ದರಿಂದ ಅದೊಂದು ಪಾರಾಗುತ್ತದೆ. ಸಹನ ಮಿತಿಯನ್ನು `1e-3`ಕ್ಕೆ ಸಡಿಲಿಸಿದೊಡನೆ ಚಿತ್ರ ಪೂರ್ತಿಯಾಗಿ ಬಂದುಬಿಟ್ಟರೆ ರೋಗನಿದಾನ ಖಚಿತ. ಆದರೆ ಪರಿಹಾರ ಸಡಿಲಿಸುವುದಲ್ಲ. ಮೇಲಿನ ತುಣುಕಿನಲ್ಲಿರುವಂತೆ ಮೂಲಗಳನ್ನು ಸೂತ್ರದಿಂದಲೇ ಲೆಕ್ಕ ಮಾಡಿಸಬೇಕು.

ಇದೇ ಲಕ್ಷಣ ಇನ್ನೊಂದು ಕಾರಣದಿಂದಲೂ ಬರಬಹುದು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸುವಾಗ ಅಥವಾ `complex64` ಬಳಸುವಾಗ ಸಂಖ್ಯೆಗಳು 32 ಬಿಟ್‌ಗಳಲ್ಲಿ ಇರುತ್ತವೆ. 32 ಬಿಟ್‌ಗಳಲ್ಲಿ √3/2 ಕ್ಕೆ ಅತಿ ಹತ್ತಿರದ ಸಂಖ್ಯೆಯೇ ನಿಜವಾದ ಬೆಲೆಯಿಂದ ಸುಮಾರು 1.6 × 10⁻⁸ ದೂರದಲ್ಲಿದೆ. ಸಹನ ಮಿತಿಯನ್ನು `1e-8` ಎಂದು ಇಟ್ಟು, ಹೋಲಿಕೆಯ ಮೂಲಗಳನ್ನು ಮಾತ್ರ 64 ಬಿಟ್‌ಗಳಲ್ಲಿ ಕೊಟ್ಟರೆ ಆ ಎರಡು ಮೂಲಗಳಿಗೆ ಯಾವ ಬಿಂದುವೂ ಎಂದಿಗೂ ಸೇರಲಾರದು. ಇಲ್ಲಿ ಸಹನ ಮಿತಿಯನ್ನು `1e-5` ರ ಆಸುಪಾಸಿಗೆ ತರುವುದೇ ಸರಿಯಾದ ಪರಿಹಾರ, ಏಕೆಂದರೆ ಆ ಗಾತ್ರದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿನ ನಿಖರತೆಯನ್ನು ಹೊತ್ತುಕೊಳ್ಳಲಾರದು.

ಸಮಮಿತಿಯೇ ಕೆಟ್ಟಿದ್ದರೆ

120 ಡಿಗ್ರಿ ತಿರುಗಿಸಿದಾಗ ಆಕಾರ ಹೊಂದದಿದ್ದರೆ ಸೂತ್ರದಲ್ಲೇ ತಪ್ಪಿದೆ ಎಂದು ಧೈರ್ಯವಾಗಿ ಹೇಳಬಹುದು. ಅದಕ್ಕೂ ಮೊದಲು ಕಿಟಕಿಯ ಅಗಲ ಮತ್ತು ಎತ್ತರದ ಅಳತೆ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು, ಚಿತ್ರ ಅಡ್ಡಡ್ಡ ಎಳೆದಂತಿದ್ದರೆ ಕಣ್ಣು ಮೋಸಹೋಗುತ್ತದೆ.

ಈ ಬಗೆಯ ದೋಷದಲ್ಲಿ ನಾನು ವಿಶೇಷವಾಗಿ ಗಮನಿಸಬೇಕೆನ್ನುವುದು ಆವರಣ ಚಿಹ್ನೆ ಬಿಟ್ಟುಹೋಗುವ ಪ್ರಸಂಗ:

```python
z = z - (z**3 - 1) / 3 * z**2
```

ಬರೆದವರ ಮನಸ್ಸಿನಲ್ಲಿ 3z² ಛೇದದಲ್ಲಿದೆ. ಪೈಥಾನ್ ಭಾಗಾಕಾರ ಮತ್ತು ಗುಣಾಕಾರಗಳನ್ನು ಎಡದಿಂದ ಬಲಕ್ಕೆ ಮಾಡುವುದರಿಂದ, 3ರಿಂದ ಭಾಗಿಸಿ ಆಮೇಲೆ z² ನಿಂದ ಗುಣಿಸುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, 1ರ ಹತ್ತಿರದ ಬಿಂದುವೊಂದನ್ನು ಕೊಟ್ಟು ಪರೀಕ್ಷಿಸಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಈ ತಪ್ಪು ಹೆಜ್ಜೆಯ ಡೆರಿವೇಟಿವ್ 1 − (5z⁴ − 2z)/3; z = 1 ಆದಾಗ ಅದು ಸೊನ್ನೆ, ಅಂದರೆ ಅಲ್ಲಿ ನಿಜವಾದ ನ್ಯೂಟನ್ ವಿಧಾನದಷ್ಟೇ ವೇಗ. ಉಳಿದೆರಡು ಮೂಲಗಳಲ್ಲಿ ಅದರ ಪರಿಮಾಣ √3, ಒಂದಕ್ಕಿಂತ ಹೆಚ್ಚು. ಆದ್ದರಿಂದ ಅವು ಬಿಂದುಗಳನ್ನು ಸೆಳೆಯುವ ಬದಲು ದೂರ ತಳ್ಳುತ್ತವೆ. ದೂರದ ಬಿಂದುಗಳು ಐದನೆಯ ಘಾತದ ರಭಸಕ್ಕೆ ಅನಂತದತ್ತ ಓಡಿ `overflow` ಎಚ್ಚರಿಕೆ ಮೂಡಿಸುತ್ತವೆ. ಸೊನ್ನೆಯ ಎಡಬದಿಯ ಬಿಂದುಗಳ ಗತಿಯೇ ಬೇರೆ: −0.5 ರಿಂದ ಹೊರಟರೆ ಮುಂದಿನದು −0.406, ಹೀಗೆ ಅತಿ ನಿಧಾನವಾಗಿ ಸೊನ್ನೆಯತ್ತ ತೆವಳುತ್ತ ಎಂದೂ ಮುಗಿಯುವುದಿಲ್ಲ. ಒಂದೇ ಬಣ್ಣ, ಸೊನ್ನೆಯ ಎಡಕ್ಕೆ ಒಂದು ಗಟ್ಟಿ ಕಪ್ಪು ಮುದ್ದೆ, ಸುತ್ತಲೂ ಸಂಖ್ಯೆಯಲ್ಲದ ಮೌಲ್ಯಗಳು: ಈ ಮೂರು ಒಟ್ಟಿಗೆ ಕಂಡರೆ ಛೇದದ ಆವರಣವನ್ನು ನೋಡಬೇಕು.

ಇದರಿಂದ ತಿಳಿಯಬೇಕಾದದ್ದು, ಸೂತ್ರವನ್ನು ಒಂದೇ ಬಿಂದುವಿನಲ್ಲಿ ಪರೀಕ್ಷಿಸಿದರೆ ಸಾಲದು. −0.8 ಕೊಟ್ಟು −0.0125 ಬರುತ್ತದೆಯೇ ಎಂದು ನೋಡಿದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಕಪ್ಪಿಲ್ಲದ ತಪ್ಪುಗಳು

ಕಪ್ಪು ಇಲ್ಲವೆಂದ ಮಾತ್ರಕ್ಕೆ ಚಿತ್ರ ಸರಿಯೆನ್ನಲಾಗದು. ಕೆಲವರು ಸಹನ ಮಿತಿಯ ಪರೀಕ್ಷೆಯನ್ನೇ ಬಿಟ್ಟು, ಕೊನೆಯ ಹೆಜ್ಜೆಯಲ್ಲಿ ಯಾವ ಮೂಲ ಹತ್ತಿರವೋ ಅದರ ಬಣ್ಣ ಕೊಡುತ್ತಾರೆ. ಆಗ ಮೇಲೆ ಹೇಳಿದ ದೋಷಗಳೆಲ್ಲ ತಪ್ಪು ಬಣ್ಣದ ಹಿಂದೆ ಅಡಗುತ್ತವೆ. −0.8 ಅನ್ನೇ ನೋಡಿ: ಒಂದು ಹೆಜ್ಜೆಯ ನಂತರ ನಾವು −0.0125 ರಲ್ಲಿದ್ದೇವೆ, ಅಲ್ಲಿಂದ 1ಕ್ಕೆ ದೂರ 1.0125, ಉಳಿದೆರಡು ಮೂಲಗಳಿಗೆ ದೂರ ಸುಮಾರು 0.994. ಅಲ್ಲಿಗೇ ನಿಲ್ಲಿಸಿದರೆ ನಿಜವಾದ ಗಮ್ಯವಾದ 1ರ ಬದಲು ಬೇರೊಂದರ ಬಣ್ಣ ಬೀಳುತ್ತದೆ. ಹೀಗೆ ಕಡಿಮೆ ಹೆಜ್ಜೆಗಳಿಗೆ ನಿಲ್ಲಿಸಿದ ಚಿತ್ರದ ಗುರುತು, ಎರಡು ಬಣ್ಣಗಳು ನುಣುಪಾದ ಗೆರೆಯಲ್ಲಿ ಸೇರುವುದು. ಮೂರನೆಯ ಬಣ್ಣವಿಲ್ಲದ ಗಡಿ ಈ ಚಿತ್ರದಲ್ಲಿ ಇರಲಾರದೆಂದು ಮೊದಲೇ ಹೇಳಿದೆ.

ಸೊನ್ನೆಯ ಪಿಕ್ಸೆಲ್ ಕೂಡ ಇದೇ ರೀತಿ ಅಡಗುತ್ತದೆ. `linspace(-2, 2, 800)` ನಲ್ಲಿ ನಿಖರ ಸೊನ್ನೆ ಬರುವುದಿಲ್ಲ. 801 ಎಂದು ಬರೆದರೆ ನಟ್ಟನಡುವಿನ ಬಿಂದು ಸೊನ್ನೆಯೇ. ಬರಿಯ ಪೈಥಾನಿನಲ್ಲಿ ಆಗ `ZeroDivisionError` ಬಂದು ಪ್ರೋಗ್ರಾಂ ನಿಲ್ಲುತ್ತದೆ. ನಂಪೈನಲ್ಲಿ ಒಂದು ಎಚ್ಚರಿಕೆಯಷ್ಟೇ ಬಂದು, ಆ ಪಿಕ್ಸೆಲ್ `nan` ಆಗಿ ಮುಂದುವರಿಯುತ್ತದೆ. `argmin` ಗೆ `nan` ಸಿಕ್ಕರೆ ಮೊದಲ `nan` ಇರುವ ಸ್ಥಾನವನ್ನೇ ಹಿಂತಿರುಗಿಸುವುದರಿಂದ ಅದಕ್ಕೆ 0ನೆಯ ಮೂಲದ ಬಣ್ಣ ಸಿಕ್ಕಿಬಿಡುತ್ತದೆ. ಮೇಲಿನ ತುಣುಕು `isfinite` ಎಣಿಕೆಯನ್ನು ಬೇರೆಯಾಗಿ ಮುದ್ರಿಸುವುದು ಇದಕ್ಕಾಗಿಯೇ. ಅಲ್ಲಿ 1 ಎಂದು ಬಂದರೆ ಗಾಬರಿ ಬೇಡ, ಅದು ಗಣಿತದ ಪ್ರಕಾರವೂ ಬಣ್ಣವಿಲ್ಲದ ಬಿಂದು. ಸಾವಿರಾರು ಎಂದು ಬಂದರೆ ಸೂತ್ರ ತಪ್ಪಾಗಿದೆ.

ಇನ್ನೊಂದು ದೋಷವನ್ನು ಸಮಮಿತಿಯೇ ಮುಚ್ಚಿಡುತ್ತದೆ. ಅನೇಕ ಚಿತ್ರ ಲೈಬ್ರರಿಗಳಲ್ಲಿ ಮೊದಲ ಸಾಲು ಮೇಲ್ಗಡೆ ಇರುತ್ತದೆ, ಆದರೆ `linspace` ಕೊಡುವ ಮೊದಲ ಬೆಲೆ −2. ಹೀಗಾಗಿ ಇಡೀ ಸಮತಲ ತಲೆಕೆಳಗಾಗುತ್ತದೆ. ಬೇರೆ ಫ್ರ್ಯಾಕ್ಟಲ್‌ಗಳಲ್ಲಿ ಇದು ಥಟ್ಟನೆ ಕಾಣಬಹುದು. ಇಲ್ಲಿ ಮೇಲರ್ಧ ಕೆಳಗರ್ಧದ ಪ್ರತಿಬಿಂಬವಾದ್ದರಿಂದ ಆಕಾರ ಒಂದಿಷ್ಟೂ ಬದಲಾಗದೆ, ಎರಡು ಸಂಕೀರ್ಣ ಮೂಲಗಳ ಬಣ್ಣಗಳು ಮಾತ್ರ ಅದಲು ಬದಲಾಗುತ್ತವೆ. ಚಿತ್ರದ ಎಡ ಮೇಲ್ಭಾಗದಲ್ಲಿ −0.5 + 0.866i ಇರುವಲ್ಲಿನ ಪಿಕ್ಸೆಲ್‌ನ `idx` 1 ಆಗಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಬಣ್ಣಗಳ ಎಣಿಕೆಯನ್ನು ಹೋಲಿಸುವಾಗ ಒಂದು ಎಚ್ಚರ ಬೇಕು: ಚೌಕದ ಕಿಟಕಿ 120 ಡಿಗ್ರಿ ತಿರುಗಿದರೆ ತನ್ನ ಮೇಲೆ ತಾನು ಕೂರದ ಕಾರಣ, ಮೂರು ಬಣ್ಣಗಳ ಪಾಲು ಅದರಲ್ಲಿ ಸಮವಾಗಿರಬೇಕಿಲ್ಲ. ಸೊನ್ನೆಯನ್ನು ಕೇಂದ್ರವಾಗಿಟ್ಟ ವೃತ್ತದೊಳಗಿನ ಪಿಕ್ಸೆಲ್‌ಗಳನ್ನು ಮಾತ್ರ ಎಣಿಸಿದರೆ ಪ್ರತಿಯೊಂದಕ್ಕೂ ಮೂರನೇ ಒಂದು ಪಾಲು ಬರಬೇಕು, ವ್ಯತ್ಯಾಸ ಅಂಚಿನ ಪಿಕ್ಸೆಲ್‌ಗಳಷ್ಟೇ ಇರಬೇಕು.

ಹತ್ತಿರಕ್ಕೆ ಹೋದಾಗ ಮರಳುವ ಕಪ್ಪು

ಪೂರ್ಣ ಚಿತ್ರ ನಿರ್ದೋಷವಾಗಿದ್ದು, ಸೊನ್ನೆಯ ಅಥವಾ ಯಾವುದೇ ಸೇರುವೆಯ ಹತ್ತಿರಕ್ಕೆ ಹಿಗ್ಗಿಸಿ ನೋಡುವಾಗ ಕಪ್ಪು ಮತ್ತೆ ಕಾಣಿಸಿಕೊಳ್ಳುವುದುಂಟು. ಇದೂ ಮಿತಿಯ ದೋಷವೇ. ಸೊನ್ನೆಯಿಂದ h ದೂರದ ಬಿಂದು 1/(3h²) ದೂರಕ್ಕೆ ಎಸೆಯಲ್ಪಡುತ್ತದೆ. ಹತ್ತು ಪಟ್ಟು ಹಿಗ್ಗಿಸಿದರೆ h ಹತ್ತನೇ ಒಂದಾಗಿ, ಎಸೆತದ ದೂರ ನೂರು ಪಟ್ಟಾಗುತ್ತದೆ. ನೂರು ಪಟ್ಟು ದೂರವನ್ನು ಹೆಜ್ಜೆಗೆ ಮೂರನೇ ಎರಡರಂತೆ ಇಳಿಸಿಕೊಂಡು ಬರಲು 11ರಿಂದ 12 ಹೆಜ್ಜೆಗಳು ಹೆಚ್ಚಿಗೆ ಬೇಕು. ಆದ್ದರಿಂದ ಪ್ರತಿ ಹತ್ತು ಪಟ್ಟಿನ ಹಿಗ್ಗುವಿಕೆಗೂ ಮಿತಿಗೆ ಕನಿಷ್ಠ 12 ಸೇರಿಸುತ್ತ ಹೋಗಬೇಕು. ಎಸೆತ ಒಂದಕ್ಕಿಂತ ಹೆಚ್ಚು ಸಲ ಆಗುವ ಬಿಂದುಗಳೂ ಇರುವುದರಿಂದ 25 ಸೇರಿಸುವುದು ಕ್ಷೇಮ.

ಸೊನ್ನೆಯಲ್ಲದ ಸೇರುವೆಗಳಲ್ಲಿ ಇದಕ್ಕೊಂದು ಕೊನೆಯಿದೆ. −0.794 ರ ಬಳಿ 64 ಬಿಟ್‌ನ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ ಸುಮಾರು 1.1 × 10⁻¹⁶. ಕಿಟಕಿಯ ಅಗಲ 10⁻¹³ ಆಗಿ, ಅದರಲ್ಲಿ ಸಾವಿರ ಪಿಕ್ಸೆಲ್‌ಗಳಿದ್ದರೆ ಪಿಕ್ಸೆಲ್‌ನ ಅಗಲವೂ ಅಷ್ಟೇ ಆಗುತ್ತದೆ. ಅದಕ್ಕಿಂತ ಒಳಗೆ ಹೋದರೆ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಸಂಖ್ಯೆಯಿಂದ ಹೊರಟು, ಗಡಿಯ ನವುರು ಕಳೆದು ಚೌಕ ಚೌಕದ ತುಂಡುಗಳು ಕಾಣತೊಡಗುತ್ತವೆ. ಆಗ ಮಿತಿಯನ್ನು ಏರಿಸಿ ಪ್ರಯೋಜನವಿಲ್ಲ. `mpmath` ನಂಥ ಹೆಚ್ಚು ಅಂಕಿಗಳ ಲೆಕ್ಕಕ್ಕೆ ಬದಲಾಯಿಸಿಕೊಂಡು, ಅದರ ನಿಧಾನಗತಿಯನ್ನು ಒಪ್ಪಿಕೊಂಡು, ಚಿಕ್ಕ ಗಾತ್ರದ ಚಿತ್ರದಿಂದ ಆರಂಭಿಸಬೇಕು.